ಪದ ಪರಿಚಯ: ಎಫ್‌ಯುಪಿ, ಅಂದರೆ ಇನ್ನೂ ಕಟ್ಟದ ಮೊದಲ ಕಂತು

ವಿಮೆ ಏಜೆಂಟರಿಗೆ ಫೋನ್ ಮಾಡಿ, ‘ನನ್ನ ಪಾಲಿಸಿ ಸರಿ ಇದೆಯಾ?’ ಎಂದು ಕೇಳಿ. ‘ತಡೀರಿ, ಎಫ್‌ಯುಪಿ ನೋಡ್ತೇನೆ’ ಅನ್ನುತ್ತಾರೆ. ಫಸ್ಟ್ ಅನ್‌ಪೇಡ್ ಪ್ರೀಮಿಯಂ. ಇನ್ನೂ ಕಟ್ಟದೆ ಉಳಿದಿರುವ ಕಂತುಗಳಲ್ಲಿ ಮೊದಲನೆಯದರ ತಾರೀಕು. ರಸೀದಿಯಲ್ಲಿ ಇದೇ ತಾರೀಕು ‘Next Due’ ಎಂದೂ ಇರುತ್ತದೆ. ನೀವು ಹಿಂದಿನ ಸಲ ಯಾವತ್ತು ದುಡ್ಡು ಕಟ್ಟಿದಿರಿ ಎನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನಮ್ಮಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ಕಾರವಾರದ ಬೈತಖೋಲದಲ್ಲಿ ಬೋಟಿರುವ ನಮ್ಮ ಪಕ್ಕದ ಮನೆಯ ಅಣ್ಣನ ಕಥೆ ಹೇಳುತ್ತೇನೆ. ಅವರ ಪಾಲಿಸಿ ಶುರುವಾದದ್ದು 2013ರ ಜುಲೈ 15ಕ್ಕೆ. ಮೂರು ತಿಂಗಳಿಗೊಮ್ಮೆ ಸುಮಾರು 4,000 ರೂಪಾಯಿ ಕಂತು, 20 ವರ್ಷ. ಹಾಗಾಗಿ ಪ್ರತಿ ವರ್ಷ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 15ಕ್ಕೆ ಡ್ಯೂ ಬೀಳುತ್ತದೆ. 2024ರ ಜುಲೈನಲ್ಲಿ ಕೈಯಲ್ಲಿ ದುಡ್ಡಿರಲಿಲ್ಲ, ಆಗಸ್ಟ್ 12ಕ್ಕೆ ಕಟ್ಟಿದರು. ಅದೇನೂ ತಪ್ಪಲ್ಲ. ಮೂರು ತಿಂಗಳ, ಆರು ತಿಂಗಳ, ವರ್ಷದ ಕಂತಿಗೆ 30 ದಿನ ಗ್ರೇಸ್ ಇರುತ್ತದೆ, ತಿಂಗಳ ಕಂತಿಗೆ 15 ದಿನ. ಆಗಸ್ಟ್ 14ರವರೆಗೆ ಅವಕಾಶವಿತ್ತು.

ತಪ್ಪಾದದ್ದು ಡೈರಿಯಲ್ಲಿ. ‘ಆ. 12 ಕಟ್ಟಿದೆ’ ಎಂದು ಬರೆದುಕೊಂಡವರು, ಮುಂದಿನದು ನವೆಂಬರ್ 12 ಅಂದುಕೊಂಡರು. ಮೇಲೆ ಒಂದು ತಿಂಗಳು ಗ್ರೇಸ್ ಇದೆಯಲ್ಲ ಎಂದು ನವೆಂಬರ್ 25ಕ್ಕೆ ಆರಾಮಾಗಿ ಹೋದರು. ಆದರೆ ಅವರ ಎಫ್‌ಯುಪಿ ಅಕ್ಟೋಬರ್ 15. ಗ್ರೇಸ್ ನವೆಂಬರ್ 14ಕ್ಕೇ ಮುಗಿದು ಪಾಲಿಸಿ ಲ್ಯಾಪ್ಸ್ ಆಗಿತ್ತು. ಬಡ್ಡಿ ಸೇರಿಸಿ ಕಟ್ಟಿ, ಆರೋಗ್ಯ ಚೆನ್ನಾಗಿದೆ ಎಂಬ ಫಾರ್ಮಿಗೆ ಸಹಿ ಹಾಕಿ ಮತ್ತೆ ಚಾಲ್ತಿ ಮಾಡಿಸಬೇಕಾಯಿತು. ತಡವಾಗಿ ಕಟ್ಟಿದರೆ ಆ ಒಂದು ಕಂತು ತಡವಾಗುತ್ತದೆ ಅಷ್ಟೇ, ಮುಂದಿನ ಡ್ಯೂ ಒಂದು ದಿನವೂ ಮುಂದೆ ಹೋಗುವುದಿಲ್ಲ.

ಅದಕ್ಕೇ ಪಾಲಿಸಿಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಇಡುವಾಗ ಎಫ್‌ಯುಪಿ ಕಾಲಂ ಅನ್ನು ಕೈಯಿಂದ ತುಂಬಬಾರದು. ಪಾಲಿಸಿ ಶುರುವಾದ ತಾರೀಕು B ಕಾಲಂನಲ್ಲಿ, ಕಂತಿನ ಅಂತರ ಎಷ್ಟು ತಿಂಗಳು ಎನ್ನುವುದು C ಯಲ್ಲಿ, ಈವರೆಗೆ ಕಟ್ಟಿದ ಕಂತುಗಳ ಸಂಖ್ಯೆ D ಯಲ್ಲಿ. ಎಫ್‌ಯುಪಿ ಕಾಲಂನ ಫಾರ್ಮ್ಯಾಟ್ Date ಎಂದು ಇಟ್ಟುಕೊಳ್ಳಿ, ಇಲ್ಲದಿದ್ದರೆ ತಾರೀಕಿನ ಬದಲು ಬರೀ ಒಂದು ಸಂಖ್ಯೆ ಕಾಣಿಸುತ್ತದೆ. ಉಳಿದದ್ದು ಒಂದೇ ಸಾಲು:

```
=EDATE(B2, C2*D2)
```

ಅಣ್ಣನ ಲೆಕ್ಕ ಹಾಕಿ ನೋಡಿ. ಶುರುವಿನ ಕಂತನ್ನೂ ಸೇರಿಸಿ 2024ರ ಜುಲೈ ಕಂತಿನವರೆಗೆ 45 ಕಂತು. 45 ಸಲ 3 ಅಂದರೆ 135 ತಿಂಗಳು. 2013ರ ಜುಲೈ 15ಕ್ಕೆ ಕೂಡಿಸಿದರೆ 2024ರ ಅಕ್ಟೋಬರ್ 15. ಕಟ್ಟಿದ ದಿನ ಈ ಲೆಕ್ಕದೊಳಗೆ ಬರುವುದೇ ಇಲ್ಲ. ಪ್ರತಿ ಸಲ ಕಟ್ಟಿದ ಮೇಲೆ D ಯಲ್ಲಿ ಒಂದು ಹೆಚ್ಚಿಸಿ, ಬಂದ ತಾರೀಕನ್ನು ರಸೀದಿಯ ಜೊತೆ ಹೋಲಿಸಿ. ತಾಳೆ ಆಗದಿದ್ದರೆ ಒಂದೋ ನಿಮ್ಮ ಎಣಿಕೆ ತಪ್ಪಿದೆ, ಇಲ್ಲಾ ಕಟ್ಟಿದ ಕಂತು ಪಾಲಿಸಿಗೆ ಜಮಾ ಆಗಿಲ್ಲ.

ಹಿಂದಿನ ಡ್ಯೂಗೆ ಮೂರು ತಿಂಗಳು ಸೇರಿಸುತ್ತಾ ಹೋದರೂ ಆಗುತ್ತದಲ್ಲ ಎನ್ನಬಹುದು. ಆಗಸ್ಟ್ 31ಕ್ಕೆ ಶುರುವಾದ ಪಾಲಿಸಿಯಲ್ಲಿ ಮಾಡಿ ನೋಡಿ. ನವೆಂಬರ್ 30, ಫೆಬ್ರವರಿ 28, ಆಮೇಲೆ ಮೇ 28 ಬರುತ್ತದೆ. ಶುರುವಿನ ತಾರೀಕಿನಿಂದಲೇ ಎಣಿಸಿದರೆ ಸರಿಯಾಗಿ ಮೇ 31.

ಈ ಸೂತ್ರಕ್ಕೂ ಒಂದು ಮಿತಿ ಇದೆ. 20 ವರ್ಷದ 80 ಕಂತೂ ಮುಗಿದ ಮೇಲೆ ಅದು 2033ರ ಜುಲೈ 15 ಎಂದು ತೋರಿಸುತ್ತದೆ. ಅದು ಡ್ಯೂ ಅಲ್ಲ, ಮೆಚ್ಯೂರಿಟಿ ದಿನ. ಕೊನೆಯ ಕಂತು ಅದೇ ವರ್ಷದ ಏಪ್ರಿಲ್ 15ರದ್ದು. ಎಫ್‌ಯುಪಿ ಮೆಚ್ಯೂರಿಟಿ ತಾರೀಕನ್ನು ಮುಟ್ಟಿತು ಅಂದರೆ ಇನ್ನು ಕಟ್ಟುವುದೇನಿಲ್ಲ, ಬರುವುದಿದೆ ಅಷ್ಟೇ. ಎಷ್ಟು ಬರುತ್ತದೆ ಎಂಬ ಕಾಲಂನಲ್ಲಿ ಮಾತ್ರ ಏಜೆಂಟರು ಪಾಲಿಸಿ ಮಾಡಿಸುವಾಗ ಹೇಳಿದ ಅಂಕಿ ಬರೆಯಬೇಡಿ. ಬೋನಸ್ ಇರುವ ಪಾಲಿಸಿಯಾದರೆ ವಿಮಾ ಮೊತ್ತ, ಜೊತೆಗೆ ಈವರೆಗೆ ಘೋಷಣೆಯಾಗಿ ಜಮಾ ಆಗಿರುವ ಬೋನಸ್, ಇಷ್ಟೇ ಗಟ್ಟಿ. ಮುಂದಿನ ವರ್ಷಗಳ ಬೋನಸ್ ಬರೀ ಅಂದಾಜು.

ಇನ್ನು ತಿಂಗಳವಾರು ನೆನಪಿನ ವಿಷಯ. ಡ್ಯೂ ಇರುವ ತಿಂಗಳಲ್ಲೇ ನೆನಪಿಸಬೇಕು ಅಂತೇನಿಲ್ಲ, ಕೈಯಲ್ಲಿ ದುಡ್ಡಿರುವ ತಿಂಗಳಲ್ಲಿ ನೆನಪಿಸಿದರೆ ಕೆಲಸಕ್ಕೆ ಬರುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಜುಲೈ 1ಕ್ಕೆ ಮೊಬೈಲು ಎಷ್ಟು ಬಡಿದುಕೊಂಡರೆ ಏನು, ಬೋಟು ದಡದಲ್ಲಿ ಕಟ್ಟಿರುತ್ತದೆ. ಅದಕ್ಕೇ ಅಣ್ಣನ ಪಟ್ಟಿಯಲ್ಲಿ ಎಫ್‌ಯುಪಿ ಪಕ್ಕ ಇನ್ನೊಂದು ಕಾಲಂ ಮಾಡಿಕೊಟ್ಟೆ, ಅದರಲ್ಲಿ ಜುಲೈ ಕಂತಿಗೆ ಮೇ 20 ಎಂದಿದೆ. ಈಗ ಅವರು ಸೀಸನ್ ಮುಗಿಸಿ ಡೀಸೆಲ್, ಐಸ್ ಬಾಕಿ ತೀರಿಸುವಾಗಲೇ 4,000 ರೂಪಾಯಿ ಎಣಿಸಿ ಅತ್ತಿಗೆ ಕೈಗೆ ಕೊಟ್ಟುಬಿಡುತ್ತಾರೆ.