ಇಪ್ಪತ್ತೈದು ಪೈಸೆಯ ಲಕೋಟೆ ಯಾವ ವರ್ಷದ್ದು?

ನನ್ನ ಸಂಗ್ರಹದಲ್ಲಿ ಶಿವಮೊಗ್ಗದಿಂದ ಬೆಂಗಳೂರಿಗೆ ಹೋದ ಸಾಧಾರಣ ಲಕೋಟೆಯೊಂದಿದೆ. ಅದರ ಮೇಲೆ ನ್ಯಾಟ್ ವಿಮಾನದ ಚಿತ್ರವಿರುವ 20 ಪೈಸೆಯ ಅಂಚೆಚೀಟಿಯೂ ಅದರ ಪಕ್ಕದಲ್ಲಿ 5 ಪೈಸೆಯ ಇನ್ನೊಂದು ಕೆಂಪು ಚೀಟಿಯೂ ಇವೆ. ಠಸ್ಸೆಯಲ್ಲಿ ನವೆಂಬರ್ 22 ಎಂಬುದು ಸ್ಪಷ್ಟವಾಗಿ ಮೂಡಿದೆ. ವರ್ಷದ ಜಾಗದಲ್ಲಿ 7 ಮಾತ್ರ ಉಳಿದು, ಮುಂದಿನ ಅಂಕಿ ಮಸಿಯಲ್ಲಿ ಮುಳುಗಿಹೋಗಿದೆ. ಒಳಗಿನ ಕಾಗದ ಕಳೆದುಹೋಗಿರುವುದರಿಂದ ವರ್ಷವನ್ನು ಲಕೋಟೆಯ ಹೊರಮೈಯಿಂದಲೇ ಪತ್ತೆಹಚ್ಚಬೇಕು.

ಇಂಥಲ್ಲಿ ಮೊದಲು ನೋಡಬೇಕಾದದ್ದು ಚೀಟಿಯ ಚಿತ್ರವನ್ನಲ್ಲ, ಒಟ್ಟು ಅಂಟಿಸಿದ ಮೊತ್ತವನ್ನು. ಚೀಟಿಯೊಂದು ಬಿಡುಗಡೆಯಾದ ಮೇಲೆ ಎಷ್ಟೋ ವರ್ಷ ಚಲಾವಣೆಯಲ್ಲಿರುತ್ತದೆ. ಹಾಗಾಗಿ ಅದು ಹೇಳುವುದು ‘ಇದಕ್ಕಿಂತ ಹಿಂದಿನದಲ್ಲ’ ಎಂಬಷ್ಟನ್ನೇ. ದರಕ್ಕಾದರೆ ಆರಂಭವೂ ಇದೆ, ಕೊನೆಯೂ ಇದೆ. 1854ರಲ್ಲಿ ದೂರವನ್ನು ಲೆಕ್ಕಿಸದೆ ತೂಕವನ್ನಷ್ಟೇ ನೋಡುವ ಏಕರೂಪದ ದರ ಬಂದಾಗ ಕಾಲು ತೊಲದ ಕಾಗದಕ್ಕೆ ಅರ್ಧಾಣೆ ಸಾಕಾಗುತ್ತಿತ್ತು. ಮುಂದೆ ಅದೇ ಅರ್ಧಾಣೆಗೆ ಒಯ್ಯುವ ತೂಕ ಹೆಚ್ಚುತ್ತ ಹೋಯಿತೇ ಹೊರತು, ಕಾಗದದ ಕನಿಷ್ಠ ದರ ಒಂದಾಣೆಗೆ ಏರಿದ್ದು 1922ರಲ್ಲಿ. ಅಷ್ಟು ದೀರ್ಘಕಾಲ ಒಂದೇ ದರವಿದ್ದುದರಿಂದ ಆ ಅವಧಿಯ ಲಕೋಟೆಗಳಿಗೆ ಮೊತ್ತದಿಂದ ಹೆಚ್ಚು ಸಹಾಯವಾಗದು, ಅಲ್ಲಿ ಠಸ್ಸೆಯ ಆಕಾರವನ್ನೇ ನೆಚ್ಚಬೇಕು. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದ ನಂತರ ದರಗಳು ಬೇಗಬೇಗ ಬದಲಾದವು. ಕಾಲನಿರ್ಣಯಕ್ಕೆ ಅದೇ ಅನುಕೂಲವಾಯಿತು.

1968ರ ಮೇ ತಿಂಗಳಲ್ಲಿ ಹಗುರ ಕಾಗದದ ದರ 20 ಪೈಸೆಯಾಯಿತು; 1974ರ ಮೇ ತಿಂಗಳಲ್ಲಿ 25 ಪೈಸೆಗೆ ಏರಿತು. ಹೊಸಬರು ಎಡವುವುದು ಇಲ್ಲಿಯೇ. ನನ್ನ ಲಕೋಟೆಯ ಮೇಲಿನ ಮೊತ್ತವೂ 25 ಪೈಸೆಯೇ ಆದ್ದರಿಂದ ಅದನ್ನು 1974ರ ನಂತರದ್ದೆಂದು ಬರೆದಿಡುವುದು ಸುಲಭ, ಆದರೆ ಅದು ತಪ್ಪು. ಆ 5 ಪೈಸೆಯ ಚೀಟಿ ಅಂಚೆದರದ ಭಾಗವೇ ಅಲ್ಲ. ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಬಂದಾಗ, ಅವರ ಪರಿಹಾರಕ್ಕೆಂದು 1971ರ ನವೆಂಬರ್ 15ರಿಂದ ಸರ್ಕಾರ ಅಂಚೆಯ ಮೇಲೆ 5 ಪೈಸೆಯ ತೆರಿಗೆ ಹಾಕಿತು. ಅದು 1973ರ ಮಾರ್ಚ್ 31ರವರೆಗೆ ನಡೆಯಿತು. ಎಂದರೆ 20 ಪೈಸೆಯ ದರಕ್ಕೆ ನಿರಾಶ್ರಿತರ ಚೀಟಿ ಸೇರಿ 25 ಆಗಿದ್ದರೆ ಲಕೋಟೆ ಈ ಹದಿನಾರೂವರೆ ತಿಂಗಳಿಗೆ ಸೇರಿದ್ದು.

ಈ ಅವಧಿಯಲ್ಲಿ ನವೆಂಬರ್ 22 ಎರಡು ಸಲ ಬರುತ್ತದೆ, 1971ರಲ್ಲಿ ಮತ್ತು 1972ರಲ್ಲಿ. ಎರಡರಲ್ಲಿ ಯಾವುದೆಂದು ತಿಳಿಯಲು ಈಗ ಚೀಟಿಯ ಚಿತ್ರವನ್ನು ನೋಡಬೇಕು. ತೆರಿಗೆ ಶುರುವಾದಾಗ ಅದಕ್ಕೆಂದೇ ರೂಪಿಸಿದ ಚೀಟಿ ಸಿದ್ಧವಿರಲಿಲ್ಲ. ಆಗ ಬಳಕೆಯಲ್ಲಿದ್ದ ಕುಟುಂಬ ಯೋಜನೆಯ 5 ಪೈಸೆ ಚೀಟಿಯ ಮೇಲೆಯೇ ನಿರಾಶ್ರಿತರ ಪರಿಹಾರ ಎಂಬ ಅರ್ಥದ ಅಕ್ಷರಗಳನ್ನು ಮೇಲುಮುದ್ರಣ ಮಾಡಿ ಮಾರಿದರು. ಬೆಂಗಳೂರೂ ಸೇರಿದಂತೆ ಕೆಲವು ಕಡೆ ಸ್ಥಳೀಯವಾಗಿಯೇ ಮುದ್ರಿಸಿದ್ದುಂಟು. ನಿರಾಶ್ರಿತರ ಚಿತ್ರವಿರುವ ಚೀಟಿ ಹೊರಬಂದದ್ದು ಡಿಸೆಂಬರ್ 1ರಂದು. ನನ್ನ ಲಕೋಟೆಯ ಮೇಲಿರುವುದು ಈ ಎರಡನೆಯದು. 1971ರ ನವೆಂಬರ್ 22ರಂದು ಅದು ಯಾರ ಕೈಗೂ ಸಿಕ್ಕಿರಲಾರದು.

ವಿಳಾಸವೂ ಇದನ್ನೇ ಹೇಳುತ್ತದೆ. ಮಲ್ಲೇಶ್ವರಕ್ಕೆ ‘ಬೆಂಗಳೂರು-3’ ಎಂದು ಬರೆಯುವುದು ಹಳೆಯ ರೂಢಿ; ಇಲ್ಲಿ ಅದೇ ಕೈಬರಹದಲ್ಲಿ 560003 ಎಂದಿದೆ. ಆರಂಕಿಯ ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಪಿನ್‌ಕೋಡ್ ಇಲ್ಲದಿರುವುದು ಮಾತ್ರ ಯಾವುದಕ್ಕೂ ಸಾಕ್ಷಿಯಲ್ಲ, ಎಷ್ಟೋ ಜನ ಆಮೇಲೆ ಬಹಳ ವರ್ಷ ಅದನ್ನು ಬರೆಯುತ್ತಲೇ ಇರಲಿಲ್ಲ.

ಇಷ್ಟಾದರೂ ಚೀಟಿ ಮೊದಲಿಂದಲೂ ಆ ಲಕೋಟೆಯ ಮೇಲೆಯೇ ಇತ್ತೆಂಬುದು ಖಚಿತವಾಗಬೇಕು. ಠಸ್ಸೆಯ ಗೆರೆ ಚೀಟಿಯ ಅಂಚನ್ನು ದಾಟಿ ಕಾಗದದ ಮೇಲೆ ತುಂಡಾಗದೆ ಮುಂದುವರಿದಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಬೇಕು. ಮೇಲುಮುದ್ರಣದ ಚೀಟಿಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಹಳೆಯ ಕುಟುಂಬ ಯೋಜನೆ ಚೀಟಿಯಿರುವ ಲಕೋಟೆಗೆ ಈಗ ರಬ್ಬರ್ ಮೊಹರು ಒತ್ತಿ ಮಾರುವುದು ಕಷ್ಟದ ಕೆಲಸವಲ್ಲ. ಅಸಲಿಯಲ್ಲಿ ಅಕ್ಷರಗಳ ಮೇಲೆ ಠಸ್ಸೆಯ ಮಸಿ ಕೂತಿರುತ್ತದೆ; ಅಕ್ಷರಗಳೇ ಠಸ್ಸೆಯ ಮೇಲೆ ಕೂತಿದ್ದರೆ ಅದು ಆಮೇಲೆ ಒತ್ತಿದ್ದು. ನನ್ನ ಲಕೋಟೆಯಲ್ಲಿ ಗೆರೆ ಎರಡೂ ಚೀಟಿಗಳಿಂದ ಕಾಗದಕ್ಕೆ ಸರಿಯಾಗಿ ಇಳಿದಿದೆ, ಹಿಂಬದಿಯ ಬಟವಾಡೆ ಠಸ್ಸೆಯಲ್ಲಿ ನವೆಂಬರ್ 23 ಎಂದಿದೆ. ಅದರ ಕೆಳಗೆ ಪೆನ್ಸಿಲಿನಲ್ಲಿ 1972 ಎಂದು ಬರೆದಿಟ್ಟಿದ್ದೇನೆ.