ಸೀಸನ್ ಕೈಕೊಟ್ಟಿದೆ, ಕಂತು ಕಡಿಮೆ ಮಾಡಿ ಎಂದು ಬ್ಯಾಂಕಿಗೆ ಹೇಗೆ ಬರೆಯಬೇಕು?

ಪ್ರಶ್ನೆ: ದಾವಣಗೆರೆಯಲ್ಲಿ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ವ್ಯಾಪಾರ ನನ್ನದು. ಈ ಸಲ ಅಧಿಕ ಮಾಸದಿಂದ ಮದುವೆಗಳಿಲ್ಲ. ಸಾಲದ ಕಂತನ್ನು ಕೆಲವು ತಿಂಗಳು ಇಳಿಸಿ ಎಂದು ಮ್ಯಾನೇಜರಿಗೆ ಪತ್ರ ಕೊಡಬಹುದೇ? ಏನೆಂದು ಬರೆಯಲಿ?

ಉತ್ತರ: ಕೊಡಬಹುದು. ಆದರೆ ಕಂತು ತಪ್ಪುವ ಮೊದಲೇ ಕೊಡಿ. ಖಾತೆಯಲ್ಲಿ ಹಣವಿಲ್ಲದೆ ಕಂತು ವಾಪಸಾದ ಮೇಲೆ ಹೋದರೆ ನಿಮ್ಮದು ಬಾಕಿದಾರನ ಮಾತಾಗುತ್ತದೆ. ಕಂತು ತಪ್ಪಿದ ದಿನದಿಂದಲೇ ಬ್ಯಾಂಕು ದಿನ ಎಣಿಸತೊಡಗುತ್ತದೆ. ಬಾಕಿ 90 ದಿನ ದಾಟಿತೆಂದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ನಿಮ್ಮ ಪತ್ರವನ್ನು ಕೊನೆಗೆ ಓದುವವರು ನಿಮ್ಮ ಮ್ಯಾನೇಜರೇ ಆಗಿರಬೇಕೆಂದಿಲ್ಲ. ಎಷ್ಟೋ ಸಲ ಅವರು ಶಿಫಾರಸು ಬರೆದು ಪ್ರಾದೇಶಿಕ ಕಚೇರಿಗೆ ಕಳಿಸುತ್ತಾರೆ. ಅಲ್ಲಿ ಕೂತವರು ನಿಮ್ಮ ಗೋದಾಮು ನೋಡಿಲ್ಲ, ಮುಖವನ್ನೂ ನೋಡಿಲ್ಲ. ‘ಬಹಳ ಕಷ್ಟದಲ್ಲಿದ್ದೇನೆ, ದಯವಿಟ್ಟು ಕೃಪೆ ತೋರಿ’ ಎಂಬ ಸಾಲು ಅವರಿಗೆ ಏನನ್ನೂ ಹೇಳುವುದಿಲ್ಲ. ಅವರಿಗೆ ಬೇಕಾದದ್ದು ಒಂದೇ: ದುಡ್ಡು ಯಾವ ತಿಂಗಳು ಬರುತ್ತದೆ, ಅದಕ್ಕೆ ಆಧಾರವೇನು?

ಲೆಕ್ಕ ಹಾಕಿ ನೋಡೋಣ. 6 ಲಕ್ಷ ಸಾಲ, ಶೇ 12 ಬಡ್ಡಿ, 48 ತಿಂಗಳು ಎಂದುಕೊಳ್ಳಿ. ಕಂತು ಸುಮಾರು 15,800 ರೂಪಾಯಿ. 18 ಕಂತು ಕಟ್ಟಿದ್ದರೆ ಉಳಿದ ಅಸಲು ಹತ್ತಿರಹತ್ತಿರ 4,07,800. ಅದರ ತಿಂಗಳ ಬಡ್ಡಿ 4,078. ಮೂರು ತಿಂಗಳು ಬಡ್ಡಿ ಮಾತ್ರ ಕಟ್ಟುತ್ತೇನೆ, ಅವಧಿಯನ್ನು ಮೂರು ತಿಂಗಳು ಮುಂದಕ್ಕೆ ಹಾಕಿ ಎಂದು ಕೇಳಿದರೆ, ನಿಮಗೆ ಹೆಚ್ಚುವರಿ ಹೊರೆ ಸುಮಾರು 12,200. ಆಮೇಲೆ ಅದೇ 15,800ರ 30 ಕಂತು. ಅದರ ಬದಲು ಮೂರು ತಿಂಗಳು ಏನೂ ಕಟ್ಟದಿದ್ದರೆ ಬಡ್ಡಿ ಅಸಲಿಗೆ ಸೇರಿ, ಆ 30 ಕಂತುಗಳು 16,280ರ ಹತ್ತಿರ ಹೋಗುತ್ತವೆ. ನಾನಾದರೆ ಬಡ್ಡಿ ಕಟ್ಟುವ ದಾರಿಯನ್ನೇ ಕೇಳುತ್ತೇನೆ. ತಿಂಗಳು ತಿಂಗಳು ಏನಾದರೂ ಜಮಾ ಆಗುತ್ತಿದ್ದರೆ ಬ್ಯಾಂಕಿಗೂ ಧೈರ್ಯ.

ಪತ್ರದ ಮುಖ್ಯ ಭಾಗ ಹೀಗಿರಲಿ:

‘ಮಾನ್ಯರೇ, ನನ್ನ ಸಾಲ ಖಾತೆ ಸಂಖ್ಯೆ … . ಈವರೆಗಿನ 18 ಕಂತುಗಳನ್ನೂ ಸಕಾಲಕ್ಕೆ ಕಟ್ಟಿದ್ದೇನೆ. 2026ರಲ್ಲಿ ಜ್ಯೇಷ್ಠ ಅಧಿಕ ಮಾಸವಾದ್ದರಿಂದ ಮೇ ನಡುವಿನಿಂದ ಜೂನ್ ನಡುವಿನವರೆಗೆ ಮದುವೆಗಳಿಲ್ಲ. ನಿಜ ಜ್ಯೇಷ್ಠ ಮುಗಿಯುತ್ತಲೇ ಆಷಾಢ. ಶ್ರಾವಣದ ಮದುವೆ ಮತ್ತು ಗಣೇಶನ ಪೆಂಡಾಲುಗಳಿಗೆ ಮುಂಗಡ ಪಡೆದ ರಸೀದಿಗಳನ್ನು ಲಗತ್ತಿಸಿದ್ದೇನೆ. ಆದ್ದರಿಂದ ಜೂನ್, ಜುಲೈ, ಆಗಸ್ಟ್ ಕಂತುಗಳಲ್ಲಿ ಬಡ್ಡಿ ಮಾತ್ರ ಸ್ವೀಕರಿಸಿ, ಸಾಲದ ಅವಧಿಯನ್ನು ಮೂರು ತಿಂಗಳು ವಿಸ್ತರಿಸಬೇಕೆಂದು ಕೋರುತ್ತೇನೆ. ಸೆಪ್ಟೆಂಬರಿನಿಂದ ಪೂರ್ಣ ಕಂತು ಕಟ್ಟುತ್ತೇನೆ.’

ಜೊತೆಗೆ ಕಳೆದ ವರ್ಷದ ಮತ್ತು ಈ ವರ್ಷದ ಬುಕಿಂಗ್ ಪುಸ್ತಕದ ಪ್ರತಿ, ಚಾಲ್ತಿ ಖಾತೆಯ ಸ್ಟೇಟ್‌ಮೆಂಟ್ ಇಡಿ. ಅಂಕಿಗಳು ಒಂದಕ್ಕೊಂದು ತಾಳೆಯಾಗಬೇಕು. ಪುಸ್ತಕದಲ್ಲಿ ಇಪ್ಪತ್ತು ಮದುವೆ ಇದ್ದು, ಹಣವೆಲ್ಲ ಕೈಯಲ್ಲೇ ಬಂದು ಖಾತೆಗೆ ಬೀಳದೆ ಹೋಗಿದ್ದರೆ, ಮೊದಲ ಪ್ರಶ್ನೆ ಅದೇ ಬರುತ್ತದೆ. ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಬರಬೇಡಿ. ಲಿಖಿತ ಒಪ್ಪಿಗೆ ಕೈಗೆ ಬರುವವರೆಗೆ ಹಳೆಯ ಕಂತೇ ಲೆಕ್ಕಕ್ಕೆ. ‘ಆಯ್ತು ನೋಡೋಣ’ ಎಂದರೆ ಒಪ್ಪಿಗೆಯಲ್ಲ. ಖಾತೆಯಿಂದ 15,800 ತಾನಾಗಿ ಕಡಿತಕ್ಕೆ ಬಂದೇ ಬರುತ್ತದೆ.

ಸಹಿ ಹಾಕುವ ಮೊದಲು ಒಂದು ಮಾತು ಕೇಳಿ: ‘ಸರ್, ಇದನ್ನು ಪುನರ್ರಚನೆ ಎಂದು ದಾಖಲಿಸುತ್ತೀರಾ?’ ಹಣಕಾಸಿನ ತೊಂದರೆಯಲ್ಲಿರುವ ಸಾಲಗಾರನಿಗೆ ಷರತ್ತು ಸಡಿಲಿಸಿದರೆ, ರಿಸರ್ವ್ ಬ್ಯಾಂಕಿನ ಸಾಮಾನ್ಯ ನಿಯಮದಂತೆ ಅದು ಪುನರ್ರಚನೆ. ಆಗ ಸರಿಯಾಗಿ ನಡೆಯುತ್ತಿದ್ದ ಖಾತೆಯನ್ನೂ ಎನ್‌ಪಿಎಗೆ ಇಳಿಸಬೇಕಾಗುತ್ತದೆ. ಮ್ಯಾನೇಜರ್ ಹಿಂದೆಮುಂದೆ ನೋಡುವುದು ಬಹುಪಾಲು ಇದಕ್ಕೇ. ನಿಮ್ಮ ಸಿಬಿಲ್ ವರದಿಯಲ್ಲೂ ಅದರ ಗುರುತು ಉಳಿದು, ಮುಂದಿನ ಸಾಲಕ್ಕೆ ಅಡ್ಡ ಬರಬಹುದು. ಹೌದು ಎಂಬ ಉತ್ತರ ಬಂದರೆ ಮತ್ತೊಮ್ಮೆ ಲೆಕ್ಕ ಹಾಕಿ. ಕೊರತೆ ಒಂದೇ ಕಂತಿನದಾದರೆ ಮನೆಯ ಚಿನ್ನ ಅಡವಿಟ್ಟು ದಾಟಿಕೊಳ್ಳುವುದೇ ಅಗ್ಗ. ಮೂರು ಕಂತು ಖಂಡಿತ ಕಟ್ಟಲಾಗದು ಎಂದಾದರೆ ಹೇಗೂ 90 ದಿನದ ಗೆರೆ ಹತ್ತಿರ ಬರುತ್ತದೆ. ಆಗ ಪತ್ರ ಕೊಡುವುದೇ ಸರಿ.

ನಿಮ್ಮದು ಉದ್ಯಮ್ ನೋಂದಣಿ ಇರುವ ಘಟಕವಾದರೆ ಅದರ ಸಂಖ್ಯೆಯನ್ನೂ ಬರೆಯಿರಿ. ಸಣ್ಣ ಉದ್ಯಮಗಳ ಪುನಶ್ಚೇತನಕ್ಕೆಂದು ರಿಸರ್ವ್ ಬ್ಯಾಂಕ್ 2016ರಲ್ಲಿ ಬ್ಯಾಂಕುಗಳಿಗೆ ಹೊರಡಿಸಿದ ನಿರ್ದೇಶನದಂತೆ, ತೊಂದರೆಯ ಸೂಚನೆ ಕಂಡ 10 ಲಕ್ಷದವರೆಗಿನ ಖಾತೆಯನ್ನು ಶಾಖೆಯಲ್ಲೇ ಪರಿಶೀಲಿಸಬೇಕು. ಅದಕ್ಕಿಂತ ದೊಡ್ಡದು ಸಮಿತಿಗೆ ಹೋಗುತ್ತದೆ. ಸಾಲಗಾರ ತಾನಾಗಿಯೂ ಅರ್ಜಿ ಹಾಕಬಹುದು. ‘ಇದೆಲ್ಲ ನಮ್ಮಲ್ಲಿ ಇಲ್ಲ’ ಎಂದು ಕೌಂಟರಿನಲ್ಲೇ ಕಳಿಸಿಬಿಟ್ಟರೆ, ಅದನ್ನೇ ಬರವಣಿಗೆಯಲ್ಲಿ ಕೊಡಿ ಎಂದು ಮೆತ್ತಗೆ ಕೇಳಿ.