ಕಪ್ಪು ಚೀಲವೋ, ಕಡುನೀಲಿಯೋ?

ರಾತ್ರಿ ಹಳದಿ ಬಲ್ಬಿನ ಕೆಳಗೆ ಮೊಬೈಲಿನಲ್ಲಿ ತೆಗೆದ ಒಂದು ಚೀಲದ ಫೋಟೊ ಇದೆ ಎನ್ನಿ. ಕಣ್ಣು ಕಾಣದವರೂ ಓದಿ ತಿಳಿಯುವಂತೆ ಅದಕ್ಕೆ ಎರಡು ಸಾಲಿನ ವಿವರಣೆ ಬರೆಯಬೇಕು. ನೋಡಿದ ಕೂಡಲೇ ‘ಕಪ್ಪು ಚೀಲ’ ಎಂದು ಬರೆಯುವಂತಾಗುತ್ತದೆ. ಆದರೆ ಚೀಲದ ಬಣ್ಣ ಕಡುನೀಲಿ. ತಪ್ಪಿದ್ದು ಹೇಗೆ?

ವಸ್ತುವೊಂದು ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸಬಲ್ಲದು. ಹಗಲಿನ ಬೆಳಕಿನ ಬಣ್ಣದ ಉಷ್ಣತೆ ಸುಮಾರು 5500ರಿಂದ 6500 ಕೆಲ್ವಿನ್. ತಂತಿ ಕಾಯ್ದು ಉರಿಯುವ ಹಳೆಯ ಬಲ್ಬಿನದು 2700ರ ಆಸುಪಾಸು. ಈ ಅಂಕಿ ಇಳಿದಷ್ಟೂ ಬೆಳಕು ಕೆಂಪಿನ ಕಡೆಗೆ ವಾಲುತ್ತದೆ. ಈ ಬಲ್ಬಿನ ಬೆಳಕಿನಲ್ಲಿ ಕೆಂಪು ಧಾರಾಳ, ನೀಲಿ ತೀರಾ ಕಡಿಮೆ. ಕಡುನೀಲಿ ಬಟ್ಟೆ ಮೊದಲೇ ಹೆಚ್ಚು ಬೆಳಕನ್ನು ಹೀರಿಕೊಳ್ಳುತ್ತದೆ, ಹಿಂದಿರುಗಿಸುವ ಚೂರುಪಾರಿನಲ್ಲಿ ನೀಲಿಯದೇ ಮೇಲುಗೈ. ಆ ನೀಲಿಗೇ ಬರ ಬಂದಾಗ ಕೆಂಪು, ಹಸಿರು, ನೀಲಿ ಮೂರೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ, ಅದೂ ಬಹಳ ಕೆಳಗೆ, ಬಂದು ನಿಲ್ಲುತ್ತವೆ. ನಾವು ಕಪ್ಪು ಎನ್ನುವುದು ಅದನ್ನೇ.

ಆ ಕೋಣೆಯಲ್ಲೇ ಇದ್ದವರಿಗೆ ಇಷ್ಟು ಮೋಸವಾಗುವುದಿಲ್ಲ, ಏಕೆಂದರೆ ಕಣ್ಣು ಮತ್ತು ಮಿದುಳು ಸುತ್ತಲ ಬೆಳಕಿಗೆ ಹೊಂದಿಕೊಳ್ಳುತ್ತವೆ. ಫೋಟೊ ನೋಡುವವರು ಇರುವುದು ಬೇರೆ ಬೆಳಕಿನಲ್ಲಿ. ಅವರ ಪರವಾಗಿ ಕ್ಯಾಮೆರಾ ‘ವೈಟ್ ಬ್ಯಾಲೆನ್ಸ್’ ಮಾಡುತ್ತದೆ: ದೃಶ್ಯದಲ್ಲಿ ಬಿಳಿ ಯಾವುದಿರಬಹುದೆಂದು ಊಹಿಸಿ, ಅದು ಬಿಳಿಯಾಗಿ ಕಾಣುವಷ್ಟು ನೀಲಿಯನ್ನು ಏರಿಸಿ ಕೆಂಪನ್ನು ಇಳಿಸುತ್ತದೆ. ಚೌಕಟ್ಟು ತುಂಬ ಹಳದಿ ಗೋಡೆಯೇ ಇದ್ದರೆ ಗೋಡೆಯ ಹಳದಿಯನ್ನು ಬೆಳಕಿನ ಹಳದಿಯೆಂದು ಅದು ತಪ್ಪಾಗಿ ತಿಳಿಯಬಹುದು. ಅಲ್ಲದೆ ರಾತ್ರಿಯ ಬೆಚ್ಚನೆಯ ಛಾಯೆ ಪೂರ್ತಿ ಅಳಿಸಿಹೋಗದಿರಲೆಂದು ಅನೇಕ ಕ್ಯಾಮೆರಾಗಳು ಬೇಕೆಂದೇ ಅರ್ಧಕ್ಕೆ ನಿಲ್ಲಿಸುತ್ತವೆ.

ಚೀಲದ ಪಕ್ಕದಲ್ಲಿ ಒಂದು ಬಿಳಿ ಕಾಗದ ಇದ್ದರೆ ನಾವೇ ಲೆಕ್ಕ ಹಾಕಿ ನೋಡಬಹುದು. ಫೋಟೊ ತಿದ್ದುವ ಅನೇಕ ತಂತ್ರಾಂಶಗಳಲ್ಲಿ ಬಣ್ಣ ಹೆಕ್ಕುವ ಸಲಕರಣೆ 0ರಿಂದ 255ರವರೆಗಿನ ಮೂರು ಅಂಕಿ ಕೊಡುತ್ತದೆ. ಕಾಗದದ ಮೇಲೆ ಕೆಂಪು 230, ಹಸಿರು 190, ನೀಲಿ 120 ಬಂತೆನ್ನಿ. ಕಾಗದ ಬಿಳಿಯಾದ್ದರಿಂದ ಮೂರೂ ಸಮ ಇರಬೇಕಿತ್ತು. ಇಲ್ಲಿರುವ ವ್ಯತ್ಯಾಸ ಬೆಳಕಿನದು. ಚೀಲದ ಮೇಲೆ ಬಂದದ್ದು 38, 36, 34. ಹಸಿರನ್ನು ಹಾಗೇ ಬಿಟ್ಟು, ಕೆಂಪನ್ನು 190/230ರಿಂದ, ನೀಲಿಯನ್ನು 190/120ರಿಂದ ಗುಣಿಸಿ. ಚೀಲ ಸುಮಾರು 31, 36, 54 ಆಗುತ್ತದೆ. ನೀಲಿ ಎದ್ದು ನಿಂತಿತು. ಇದು ಒರಟು ಲೆಕ್ಕ, ಆದರೂ ಬಣ್ಣ ಯಾವ ಕಡೆಗೆ ವಾಲಿದೆ ಎಂದು ತಿಳಿಯಲು ಸಾಕು.

ಇದನ್ನು ನಂಬುವ ಮುನ್ನ ಕೆಲವು ಸಂಗತಿ ನೋಡಿಕೊಳ್ಳಬೇಕು. ಕತ್ತಲಲ್ಲಿ ತೆಗೆದ ಫೋಟೊದ ಗಾಢ ಭಾಗಗಳಲ್ಲಿ ಬಣ್ಣದ ಕಾಳುಕಾಳು ಗದ್ದಲವಿರುತ್ತದೆ, ಗುಣಿಸಿದಾಗ ಗದ್ದಲವೂ ಅಷ್ಟೇ ಪಟ್ಟು ಬೆಳೆಯುತ್ತದೆ. ಹಾಗಾಗಿ ಒಂದೇ ಪಿಕ್ಸೆಲ್ ಸಾಲದು, ಚೀಲದ ಅಂಗೈಯಗಲ ಜಾಗದ ಸರಾಸರಿ ತೆಗೆಯಬೇಕು. ಕಾಗದದ ಕೆಂಪು 255 ತೋರಿಸಿದರೆ ಅಲ್ಲಿ ಅಳತೆಯೇ ಉಕ್ಕಿಹೋಗಿದೆ, ಆ ಅಂಕಿ ಬಳಕೆಗೆ ಬಾರದು. ಕಿಟಕಿಯ ಬೆಳಕು ಕಾಗದದ ಮೇಲೆ, ಬಲ್ಬಿನ ಬೆಳಕು ಚೀಲದ ಮೇಲೆ ಬಿದ್ದಿದ್ದರೂ ಲೆಕ್ಕ ತಪ್ಪು. ಇನ್ನು ಕಡಿಮೆ ಒತ್ತಡದ ಸೋಡಿಯಂ ದೀಪದ ಮುಂದೆ ಯಾವ ಲೆಕ್ಕವೂ ನಡೆಯದು. ಅದರ ಬೆಳಕು ಹೆಚ್ಚುಕಡಿಮೆ 589 ನ್ಯಾನೋಮೀಟರಿನ ಒಂದೇ ಹಳದಿ. ಅದರಡಿ ತಿಳಿ, ಗಾಢ ಎಂಬ ಭೇದ ಬಿಟ್ಟರೆ ಬಣ್ಣದ ಸುಳಿವೇ ಫೋಟೊದಲ್ಲಿ ದಾಖಲಾಗಿರುವುದಿಲ್ಲ.

ಕಾಗದದಂಥ ಆಧಾರವಿಲ್ಲದಾಗ ಕಣ್ಣುಗಳೇ ಜಗಳಕ್ಕೆ ಬೀಳುತ್ತವೆ. 2015ರ ಫೆಬ್ರುವರಿಯಲ್ಲಿ ಒಂದು ಉಡುಪಿನ ಫೋಟೊ ಕೆಲವರಿಗೆ ನೀಲಿ-ಕಪ್ಪಾಗಿಯೂ ಕೆಲವರಿಗೆ ಬಿಳಿ-ಚಿನ್ನದ ಬಣ್ಣವಾಗಿಯೂ ಕಂಡಿತ್ತು. ಉಡುಪು ನೀಲಿ-ಕಪ್ಪೇ. ಅದು ನೆರಳಲ್ಲಿದೆ ಎಂದು ಮಿದುಳು ಊಹಿಸಿದವರಿಗೆ ಬಿಳಿ ಕಂಡಿತು.

ಹಾಗಾದರೆ ವಿವರಣೆಯಲ್ಲಿ ಏನು ಬರೆಯಬೇಕು? ಓದುವವರಿಗೆ ಫೋಟೊ ನೋಡಿ ತಾಳೆ ಹಾಕುವ ದಾರಿಯಿಲ್ಲ. ನಾವು ಬರೆದ ಒಂದು ಪದವೇ ಅವರಿಗೆ ಚೀಲದ ಬಣ್ಣ. ‘ಕಪ್ಪು ಚೀಲ’ ಎನ್ನುವ ಬದಲು ‘ಹಳದಿ ಬಲ್ಬಿನ ಬೆಳಕಿನಲ್ಲಿ ಗಾಢವಾಗಿ ಕಾಣುವ ಬಟ್ಟೆಯ ಚೀಲ, ಕಡುನೀಲಿ ಅಥವಾ ಕಪ್ಪು ಇರಬಹುದು; ಮುಂದೆ ಉದ್ದದ ಜಿಪ್, ಎರಡು ಹಿಡಿಕೆ’ ಎಂದರೆ ಖಚಿತವಾದದ್ದು, ಅನುಮಾನದ್ದು ಎರಡೂ ಬೇರೆಬೇರೆಯಾಗಿ ತಲುಪುತ್ತವೆ. ಕಾಗದದ ಲೆಕ್ಕ ಸಿಕ್ಕಿದ್ದರೆ ‘ಬಹುಶಃ ಕಡುನೀಲಿ’ ಎಂದು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಕಳೆದುಹೋದ ಚೀಲ ಗುರುತಿಸುವಂಥ, ಬಣ್ಣದ ಮೇಲೆಯೇ ನಿರ್ಧಾರ ನಿಂತ ಸಂದರ್ಭವಾದರೆ ಹಗಲಿನಲ್ಲಿ ದೀಪ ಆರಿಸಿ, ಕಿಟಕಿಯ ಬಳಿ, ಬಿಳಿ ಕಾಗದವನ್ನು ಚೀಲಕ್ಕೆ ತಾಗಿಸಿಟ್ಟು ಇನ್ನೊಂದು ಫೋಟೊ ತೆಗೆಸಿಕೊಂಡೇ ಬರೆಯಬೇಕು.